ಶ್ರೀ ಯಾರಿಗೆ, ಶ್ರೀಮತಿ ಯಾರಿಗೆ, ಕುಮಾರಿ ಯಾಕೆ?

ಮನೆಯಲ್ಲಿ ಮದುವೆ ನಿಶ್ಚಯವಾದ ಕೂಡಲೇ ಸಾಫ್ಟ್‌ವೇರ್‌ನಲ್ಲಿರೋ ಮಗನಿಗೋ ಮಗಳಿಗೋ ಒಂದು ಕೆಲಸ ಗ್ಯಾರಂಟಿ. “ಹೇಗೂ ಕಂಪ್ಯೂಟರ್ ಮುಂದೆ ಕೂತಿರ್ತೀಯ, ಕಾರ್ಡಿನ ಮ್ಯಾಟರ್ ನೀನೇ ಟೈಪ್ ಮಾಡಿ ಕಳಿಸಿಬಿಡು.” ಮುಹೂರ್ತ, ಛತ್ರದ ವಿಳಾಸ, ಊಟದ ಸಮಯ, ಇವೆಲ್ಲ ಐದು ನಿಮಿಷದಲ್ಲಿ ಮುಗಿಯುತ್ತವೆ. ಫ್ಯಾಮಿಲಿ ಗ್ರೂಪ್‌ನಲ್ಲಿ ಎರಡು ದಿನ ಚರ್ಚೆ ನಡೆಯೋದು ಹೆಸರಿಗೆ ಮೊದಲು ಬರುವ ಒಂದೆರಡು ಅಕ್ಷರಗಳ ಬಗ್ಗೆ. ಯಾರಿಗೆ ಶ್ರೀ, ಯಾರಿಗೆ ಶ್ರೀಮತಿ, ಯಾರಿಗೆ ಕುಮಾರಿ, ಯಾರಿಗೆ ಏನೂ ಬೇಡ?

ಇದಕ್ಕೆಲ್ಲ ಬೇರಿನಂಥ ನಿಯಮ ಒಂದೇ. ಶ್ರೀ ಅನ್ನೋದು ಇನ್ನೊಬ್ಬರು ನಮಗೆ ಕೊಡುವ ಗೌರವ, ನಮಗೆ ನಾವೇ ಕೊಟ್ಟುಕೊಳ್ಳುವುದಲ್ಲ. ಹಾಗಾಗಿ ಕಾರ್ಡ್ ಬರೆಯುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಈ ವಾಕ್ಯವನ್ನು ಯಾರು ಹೇಳ್ತಿದ್ದಾರೆ?” ಅಂತ. ಬೆಸ್ಕಾಂಗೋ ಬ್ಯಾಂಕಿಗೋ ಅರ್ಜಿ ಬರೆಯುವಾಗ “ಇಂದ” ಅಂತ ಹಾಕಿ ಕೆಳಗೆ ನಮ್ಮ ಹೆಸರು ಬರೀತೀವಲ್ಲ, ಅಲ್ಲಿ ಶ್ರೀ ಬೇಡ. ಸಹಿಯಲ್ಲೂ ಬೇಡ. “ಗೆ” ಅಂತ ಬರೆದ ಕಡೆ ಅಧಿಕಾರಿಯ ಹೆಸರಿದ್ದರೆ ಶ್ರೀ ಅಥವಾ ಶ್ರೀಮತಿ ಹಾಕಬಹುದು. ಬರೀ ಹುದ್ದೆ ಇದ್ದರೆ “ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ” ಅಂದರೆ ಸಾಕು. ಹುದ್ದೆಗೆ ಶ್ರೀ ಇಲ್ಲ.

ಈಗ ಒಂದು ಕಾರ್ಡನ್ನೇ ತೆಗೆದುಕೊಳ್ಳೋಣ. ಹೆಸರುಗಳು ಉದಾಹರಣೆಗೆ ಮಾತ್ರ. ವರ ಕಾರ್ತಿಕ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ತಂದೆ ನಂಜುಂಡಪ್ಪ ತೀರಿಕೊಂಡಿದ್ದಾರೆ, ತಾಯಿ ಸರೋಜಮ್ಮ ಇದ್ದಾರೆ. ವಧು ಮೇಘನಾ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ತಂದೆ ರಾಮಚಂದ್ರ, ತಾಯಿ ಉಮಾದೇವಿ ವೈದ್ಯೆ. ಮೇಘನಾಳ ಸೋದರತ್ತೆ ವಸುಂಧರಾ, ಐವತ್ತೆರಡು ವರ್ಷ, ಕಾಲೇಜಿನಲ್ಲಿ ಪಾಠ ಮಾಡ್ತಾರೆ, ಮದುವೆ ಆಗಿಲ್ಲ.

ಅಂಗಡಿಯವರ ಹಳೇ ಮಾದರಿಯಲ್ಲಿ ವಧುವಿನ ಕಡೆಯ ಸಾಲು ಹೀಗಿರುತ್ತೆ: “ಶ್ರೀಮತಿ ಮತ್ತು ಶ್ರೀ ರಾಮಚಂದ್ರ ರವರ ಪುತ್ರಿ”. ಓದೋಕೆ ಚೆನ್ನಾಗಿದೆ, ಆದರೆ ಮಗಳ ಮದುವೆ ಕಾರ್ಡಿನಲ್ಲಿ ಅಮ್ಮನ ಹೆಸರೇ ಇಲ್ಲ. ಅವರ ಪಾಲಿಗೆ ಉಳಿದಿರೋದು ‘ಶ್ರೀಮತಿ’ ಅನ್ನೋ ಪದ ಮಾತ್ರ. “ಡಾ. ಉಮಾದೇವಿ ಮತ್ತು ಶ್ರೀ ರಾಮಚಂದ್ರ ಅವರ ಪುತ್ರಿ” ಅಂತ ಬರೆದರೆ ಜಾಗವೂ ಹೆಚ್ಚು ಹಿಡಿಯಲ್ಲ, ಇಬ್ಬರೂ ಕಾಣ್ತಾರೆ. ಡಾ. ಬಂದ ಕಡೆ ಶ್ರೀಮತಿ ಬಿಟ್ಟೆ, ಗಮನಿಸಿ. ಒಂದು ಹೆಸರಿಗೆ ಒಂದು ಗೌರವಸೂಚಕ ಸಾಕು. “ಶ್ರೀಮತಿ ಡಾ.” ಅಂತ ಎರಡನ್ನೂ ಪೇರಿಸಬೇಕಿಲ್ಲ.

ವರನ ಕಡೆಯ ಸಾಲು ಸ್ವಲ್ಪ ಸೂಕ್ಷ್ಮ. ಗಂಡ ಇಲ್ಲದ ತಾಯಿಗೆ ಏನು ಹಾಕೋದು ಅಂತ ಮನೆಯವರು ತಡವರಿಸೋದು ಇಲ್ಲೇ. ಕೆಲವರು ಏನೂ ಹಾಕದೆ ಬಿಡ್ತಾರೆ. ಇನ್ನು ಕೆಲವರು ತಾಯಿಯ ಹೆಸರನ್ನೇ ಪಕ್ಕಕ್ಕಿಟ್ಟು ದೊಡ್ಡಪ್ಪನ ಹೆಸರಲ್ಲಿ ಆಹ್ವಾನ ಕೊಡ್ತಾರೆ. ಈ ಗೊಂದಲಕ್ಕೆ ಕಾರಣ ‘ಶ್ರೀಮತಿ’ ಮತ್ತು ‘ಸೌ||’ ಎರಡೂ ಒಂದೇ ಅಂದುಕೊಂಡಿರೋದು. ಸೌ|| ಅಂದರೆ ಸೌಭಾಗ್ಯವತಿ. ಅದು ಗಂಡ ಬದುಕಿರುವವರಿಗೆ ಮಾತ್ರ ಹಾಕುತ್ತಾ ಬಂದಿರುವ ಪದ, ತಪ್ಪಿ ಬಿದ್ದರೆ ಮನಸ್ಸು ನೋಯುತ್ತೆ. ಶ್ರೀಮತಿ ಹಾಗಲ್ಲ. ಶ್ರೀಮಂತ ಪದಕ್ಕೂ ಇದಕ್ಕೂ ಮೂಲ ಒಂದೇ, ‘ಶ್ರೀ ಉಳ್ಳವಳು’ ಅಂತ ಅರ್ಥ. ಆ ಅರ್ಥದಲ್ಲಿ ಗಂಡನ ಮಾತೇ ಇಲ್ಲ. ಆದ್ದರಿಂದ “ಶ್ರೀಮತಿ ಸರೋಜಮ್ಮ ಮತ್ತು ದಿ|| ನಂಜುಂಡಪ್ಪ ಅವರ ಪುತ್ರ” ಅನ್ನೋದು ಪೂರ್ತಿ ಸರಿ. ತೀರಿಕೊಂಡವರಿಗೆ ದಿ|| ಹಾಕಿದ ಮೇಲೆ ಸಾಮಾನ್ಯವಾಗಿ ಶ್ರೀ ಸೇರಿಸಲ್ಲ. ಲಿಂಗಾಯತ ಮನೆಗಳಲ್ಲಾದರೆ ಲಿಂ||, ಅಂದರೆ ಲಿಂಗೈಕ್ಯ, ಅಂತ ಬರೀತಾರೆ. ಕೆಳಗೆ “ಆಹ್ವಾನಿಸುವವರು” ಅನ್ನೋ ಕಡೆ ಸರೋಜಮ್ಮನವರ ಹೆಸರೇ ಬರಬೇಕು. ದಿವಂಗತರ ಹೆಸರು ಅಲ್ಲಿ ಬರಲ್ಲ.

ಆ ಕೆಳಗಿನ ಸಾಲಿಗೂ ಮೊದಲ ನಿಯಮವೇ ಅನ್ವಯ. ಕಾರ್ಡ್ “ನಮ್ಮ ಮಗ, ನಮ್ಮ ಮಗಳು, ತಾವು ಬರಬೇಕು” ಅಂತ ಮಾತಾಡ್ತಿದ್ದರೆ ಕರೆಯುತ್ತಿರುವವರು ತಾವೇ. ಆಗ ಅವರ ಹೆಸರಿಗೆ ಶ್ರೀ ಇಲ್ಲದಿದ್ದರೇ ಚೆಂದ. “ಇಂಥವರ ಪುತ್ರ, ಇಂಥವರ ಪುತ್ರಿ” ಅಂತ ಹೊರಗಿನಿಂದ ಹೇಳುವ ಧಾಟಿಯಲ್ಲಿದ್ದರೆ ಶ್ರೀ, ಶ್ರೀಮತಿ ಎರಡೂ ಇರಲಿ. ಎರಡು ಧಾಟಿಯನ್ನು ಒಂದೇ ಕಾರ್ಡಿನಲ್ಲಿ ಕಲಸಿದಾಗಲೇ “ನಮ್ಮ ಮಗಳು... ಇಂತಿ ಶ್ರೀ ರಾಮಚಂದ್ರ” ಅನ್ನೋ ಎಡವಟ್ಟು ಆಗೋದು.

ವಧೂವರರ ಹೆಸರಿಗೆ ಬರುವ ಚಿ|| ರಾ|| ಮತ್ತು ಚಿ|| ಕುಂ|| ಸೌ|| ಬೇರೆ ಜಾತಿಯವು. ಚಿರಂಜೀವಿ, ಕುಂಕುಮ ಸೌಭಾಗ್ಯವತಿ, ಇವು ಹಿರಿಯರು ಕಿರಿಯರಿಗೆ ಮಾಡುವ ಹರಕೆ. ಅಪ್ಪ ಅಮ್ಮ ಕರೆಯುವ ಕಾರ್ಡಿನಲ್ಲಿ ಒಪ್ಪುತ್ತವೆ. ಕಾರ್ತಿಕ್ ಮತ್ತು ಮೇಘನಾ ತಮ್ಮ ಟೀಮ್‌ಗೆ ತಾವೇ ಕಳಿಸುವ ಇಮೇಲ್‌ನಲ್ಲಿ ಹಾಕಿದರೆ ತಮ್ಮನ್ನು ತಾವೇ ಹರಸಿಕೊಂಡ ಹಾಗೆ! ಇಂಗ್ಲಿಷ್ ಕಾರ್ಡಿನಲ್ಲಿ ಇನ್ನೊಂದು ಫಜೀತಿ ಇದೆ. ಸೌ|| ಅನ್ನೋದನ್ನು ಎಸ್, ಓ, ಡಬ್ಲ್ಯೂ ಅಂತ ಮೂರು ಅಕ್ಷರದಲ್ಲಿ ಅಚ್ಚು ಹಾಕಿಸ್ತಾರೆ. ಆ ಸ್ಪೆಲ್ಲಿಂಗಿಗೆ ಇಂಗ್ಲಿಷಿನಲ್ಲಿ ಹೆಣ್ಣು ಹಂದಿ ಅಂತ ಅರ್ಥ. ಹೊರ ರಾಜ್ಯದ, ಹೊರ ದೇಶದ ಸಹೋದ್ಯೋಗಿಗಳಿಗೆ ಕೊಡುವ ಇಂಗ್ಲಿಷ್ ಕಾರ್ಡಿನಲ್ಲಿ ಬರೀ ಹೆಸರಷ್ಟೇ ಇರಲಿ.

ಇನ್ನು ವಸುಂಧರಾ ಅತ್ತೆ. ಕವರಿನ ಮೇಲೆ ಅವರಿಗೆ “ಕುಮಾರಿ ವಸುಂಧರಾ” ಅಂತ ಬರೆಯೋದಾ? ನಿಯಮ ಹೌದು ಅನ್ನುತ್ತೆ, ಮನಸ್ಸು ಬೇಡ ಅನ್ನುತ್ತೆ. ಮನಸ್ಸು ಹೇಳೋದೇ ಸರಿ. ಗಂಡಸಿಗೆ ಇಪ್ಪತ್ತೈದಾಗಲಿ ಎಪ್ಪತ್ತಾಗಲಿ, ಮದುವೆ ಆಗಿರಲಿ ಬಿಡಲಿ, ಶ್ರೀ ಒಂದೇ. ಹೆಂಗಸಿಗೆ ಮಾತ್ರ ಆ ಜಾಗದಲ್ಲಿ ‘ಮದುವೆ ಆಗಿದೆಯಾ’ ಅನ್ನೋ ಪ್ರಶ್ನೆ ಕೂತಿದೆ. ಪ್ಯಾನ್ ಕಾರ್ಡಿಗೆ ತುಂಬುತ್ತಿದ್ದ 49ಎ ಅರ್ಜಿಯಲ್ಲೂ ಶ್ರೀ, ಶ್ರೀಮತಿ, ಕುಮಾರಿ ಅಂತ ಬೇರೆ ಬೇರೆ ಚೌಕಗಳಿದ್ದವು. ಈ ಗಂಟು ನಮ್ಮಲ್ಲಿ ಮಾತ್ರ ಇಲ್ಲ. ಫ್ರಾನ್ಸ್ ಸರ್ಕಾರ 2012ರಲ್ಲಿ ತನ್ನ ಅರ್ಜಿ ನಮೂನೆಗಳಿಂದ ‘ಮದ್ಮೊಜೆಲ್’ ತೆಗೆದು, ಎಲ್ಲ ಹೆಂಗಸರಿಗೂ ‘ಮದಾಮ್’ ಒಂದೇ ಅಂದಿತು. ಹಿಂದಿಯಲ್ಲಿ ಮದುವೆಯ ವಿಷಯ ಎತ್ತದ ‘ಸುಶ್ರೀ’ ಬಳಕೆಯಲ್ಲಿದೆ. ಕನ್ನಡದಲ್ಲಿ ಅದು ಅಷ್ಟಾಗಿ ಓಡಿಲ್ಲ.

ಓಡಬೇಕಾದ ಅಗತ್ಯವೂ ಇಲ್ಲ, ಯಾಕಂದ್ರೆ ಕನ್ನಡಕ್ಕೆ ತನ್ನದೇ ದಾರಿ ಇದೆ. ನಮ್ಮ ಗೌರವ ಹೆಸರಿಗೆ ಮೊದಲಷ್ಟೇ ಅಲ್ಲ, ಹೆಸರಾದ ಮೇಲೂ ಬರುತ್ತೆ: ‘ಅವರು’. “ವಸುಂಧರಾ ಅವರಿಗೆ” ಅಂದಾಗ ಮರ್ಯಾದೆ ಪೂರ್ತಿ ಇದೆ. ಗಂಡೋ ಹೆಣ್ಣೋ, ಮದುವೆ ಆಗಿದೆಯೋ ಇಲ್ಲವೋ, ಯಾವುದನ್ನೂ ಅದು ಕೇಳಲ್ಲ. ಜಾತಿ ಧರ್ಮ ಯಾವುದಾದರೂ ಹೊಂದುತ್ತೆ. ಹೆಸರು ನೋಡಿ ಏನೂ ಗೊತ್ತಾಗದಿದ್ದಾಗ ಇದೇ ಕ್ಷೇಮ. ‘ಕಿರಣ್’ ಅನ್ನೋ ಮ್ಯಾನೇಜರ್ ಗಂಡಸೂ ಆಗಿರಬಹುದು, ಹೆಂಗಸೂ ಆಗಿರಬಹುದು. “ಕಿರಣ್ ಅವರಿಗೆ” ಅಂದರೆ ಮುಗೀತು. ಕುಮಾರಿಯನ್ನು ಶಾಲೆ ಕಾಲೇಜಿನ ಹುಡುಗಿಯರಿಗೆ ಬಿಟ್ಟುಬಿಡಿ, ಉದಾಹರಣೆಗೆ “ಪ್ರಾರ್ಥನೆ: ಕು. ಅನನ್ಯಾ”. ಅಲ್ಲೂ ಒಂದು ಎಚ್ಚರ ಬೇಕು. ‘ಕು.’ ಅಂದರೆ ಕುಮಾರಿ, ‘ಕುಂ.’ ಅಂದರೆ ಕುಂಕುಮ. ಒಂದು ಸೊನ್ನೆ ಹೆಚ್ಚು ಬಿದ್ದರೆ ಪ್ರಾರ್ಥನೆ ಹಾಡೋ ಹುಡುಗಿ ಮದುಮಗಳಾಗಿಬಿಡ್ತಾಳೆ.

ಪೀಣ್ಯದ ಕಾರ್ಖಾನೆಗಳಲ್ಲಿ, ಐಟಿ ಕಂಪನಿಗಳ ಕನ್ನಡ ಬಳಗಗಳಲ್ಲಿ ನವೆಂಬರ್ ಬಂದರೆ ರಾಜ್ಯೋತ್ಸವದ ಆಹ್ವಾನ ಪತ್ರಿಕೆ ತಯಾರಾಗುತ್ತೆ. ಮುಖ್ಯ ಅತಿಥಿ ಪದ್ಮ ಪ್ರಶಸ್ತಿ ಪಡೆದವರಾದರೆ “ಪದ್ಮಶ್ರೀ ಇಂಥವರು” ಅಂತ ಹಾಕೋದು ವಾಡಿಕೆ. ಗೌರವದಿಂದಲೇ ಹಾಕಿದರೂ ಹಾಗೆ ಹಾಕುವಂತಿಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದೆ. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಅವನ್ನು ಹೆಸರಿಗೆ ಮೊದಲಾಗಲಿ ಕೊನೆಗಾಗಲಿ ಸೇರಿಸಬಾರದು ಅಂತ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಹೆಸರಿಗೆ ಶ್ರೀ ಅಥವಾ ಶ್ರೀಮತಿ ಹಾಕಿ, ಕೆಳಗಿನ ಸಾಲಿನಲ್ಲಿ “ಪದ್ಮಶ್ರೀ ಪ್ರಶಸ್ತಿ ಪುರಸ್ಕೃತರು” ಅಂತ ಪರಿಚಯ ಕೊಟ್ಟರೆ ಗೌರವವೂ ಉಳಿಯುತ್ತೆ, ನಿಯಮವೂ ಉಳಿಯುತ್ತೆ.

ಕೊನೆಗೆ ಕವರುಗಳ ಲಿಸ್ಟ್. ಮುನ್ನೂರು ಹೆಸರನ್ನು ಶೀಟಿಗೆ ಹಾಕುವಾಗ ಶ್ರೀ, ಶ್ರೀಮತಿಗೆ ಬೇರೆ ಕಾಲಂ ಇಡಿ. ಹೆಸರಿನ ಕಾಲಂನಲ್ಲೇ ಸೇರಿಸಿದರೆ ಸಾರ್ಟ್ ಮಾಡಿದಾಗ ಅರ್ಧಕ್ಕರ್ಧ ನೆಂಟರು ‘ಶ’ ಅಕ್ಷರದಲ್ಲೇ ಗುಂಪು ಸೇರ್ತಾರೆ. ಆಮೇಲೆ ತೆಗೆಯೋಣ ಅಂತ ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ‘ಶ್ರೀ’ ಅಳಿಸಿದರೆ ಶ್ರೀನಿವಾಸ ‘ನಿವಾಸ’ ಆಗ್ತಾನೆ, ಜಯಶ್ರೀ ‘ಜಯ’ ಆಗ್ತಾಳೆ, ಶ್ರೀಮತಿ ಲಲಿತಾ ‘ಮತಿ ಲಲಿತಾ’ ಆಗ್ತಾರೆ. A ಕಾಲಂನಲ್ಲಿ ಗೌರವಸೂಚಕ, B ಕಾಲಂನಲ್ಲಿ ಹೆಸರು ಇದ್ದರೆ ಈ ಫಾರ್ಮುಲಾ ಸಾಕು:

```
=TRIM(A2&" "&B2)&" ಅವರಿಗೆ"
```

A ಖಾಲಿ ಇದ್ದರೂ ಮುಂದೆ ಖಾಲಿ ಜಾಗ ಉಳಿಯಲ್ಲ. ವಸುಂಧರಾ ಅತ್ತೆಯ ಸಾಲಿನಲ್ಲಿ A ಖಾಲಿ ಬಿಡಿ. ಕವರಿನ ಮೇಲೆ “ವಸುಂಧರಾ ಅವರಿಗೆ” ಅಂತ ಬರುತ್ತೆ. ಪ್ರೂಫ್ ನೋಡುವಾಗಲೂ ದಿನಾಂಕ, ಮುಹೂರ್ತ ಆದ ಮೇಲೆ ಇನ್ನೊಂದು ಸುತ್ತು ಬರೀ ಹೆಸರುಗಳನ್ನು ಓದಿ. ಅಮ್ಮಂದಿರ ಹೆಸರು ಇದೆಯಾ, ಸೌ|| ಇರಬಾರದ ಕಡೆ ಬಿದ್ದಿದೆಯಾ ಅಂತ ನೋಡಿ. ಅಷ್ಟಾದ ಮೇಲೆ ಓಕೆ ಹೇಳಿ.