ಥರ್ಮಾಕೋಲ್ ಚೆಕ್ಕು ಮತ್ತು ನಮ್ಮ ಫೆಸ್ಟ್ ಬಜೆಟ್

ಕಳೆದ ವರ್ಷದ ಟೆಕ್ ಫೆಸ್ಟ್‌ನ ಹ್ಯಾಕಥಾನ್‌ನಲ್ಲಿ ಮೊದಲ ಬಹುಮಾನ ಗೆದ್ದದ್ದು ಕಂಪ್ಲಿಯಿಂದ ಬಂದಿದ್ದ ತಂಡ. ವೇದಿಕೆಯ ಮೇಲೆ ಅವರ ಕೈಗೆ ಬಾಗಿಲಿನಷ್ಟು ದೊಡ್ಡ ಥರ್ಮಾಕೋಲ್ ಚೆಕ್ಕು ಕೊಟ್ಟೆವು. ಅದರ ಮೇಲೆ 15,000 ರೂಪಾಯಿ ಎಂದು ಬರೆದಿತ್ತು. ನಿಜವಾದ ದುಡ್ಡು ಅವರಿಗೆ ತಲುಪಿದ್ದು ಎರಡು ತಿಂಗಳ ನಂತರ. ಆ ಎರಡು ತಿಂಗಳಲ್ಲಿ ತಂಡದ ಒಬ್ಬ ಹುಡುಗಿ ಮೂರು ಸಲ ಫೋನ್ ಮಾಡಿದ್ದಳು. ನೋಂದಣಿ ಮೇಜಿನಲ್ಲಿ ನಾನಿದ್ದುದರಿಂದ ಅವಳ ಹತ್ತಿರ ನನ್ನ ನಂಬರ್ ಇತ್ತು. ಮೂರನೇ ಸಲ ಅವಳು, "ಅಕ್ಕಾ, ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ, ಮನೇಲಿ ಕೇಳ್ತಾರೆ" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಡಿಸೆಂಬರ್‌ನಲ್ಲಿ ಮತ್ತೆ ಫೆಸ್ಟ್ ಇದೆ. ಸಮಿತಿಯ ಮೊದಲ ಸಭೆಯಲ್ಲಿ ಮೊದಲು ಬಂದ ಪ್ರಶ್ನೆ, "ಈ ಸಲ ಫಸ್ಟ್ ಪ್ರೈಜ್ ಎಷ್ಟಿಡೋಣ?" ನನ್ನ ಅಭಿಪ್ರಾಯದಲ್ಲಿ ತಪ್ಪು ಶುರುವಾಗುವುದೇ ಈ ಪ್ರಶ್ನೆಯಿಂದ. ಬಹುಮಾನದ ಮೊತ್ತವನ್ನು ಎಲ್ಲಕ್ಕಿಂತ ಕೊನೆಗೆ ನಿರ್ಧರಿಸಬೇಕು. ಯಾಕೆ ಎಂದು ಕಳೆದ ವರ್ಷದ ಲೆಕ್ಕದಿಂದಲೇ ಹೇಳುತ್ತೇನೆ.

ಆಗ ಬರುವ ದುಡ್ಡು ಎಂದು ನಾವು ಮೂರು ಸಾಲು ಬರೆದಿದ್ದೆವು. ಕಾಲೇಜಿನಿಂದ 15,000. ಮೂವತ್ತು ತಂಡಗಳ ಪ್ರವೇಶ ಶುಲ್ಕ, ತಂಡಕ್ಕೆ 200ರಂತೆ 6,000. ಪ್ರಾಯೋಜಕರಿಂದ 60,000: ಒಬ್ಬ ಪ್ಲಾಟಿನಂ 25,000, ಇಬ್ಬರು ಗೋಲ್ಡ್ ತಲಾ 10,000, ಮೂವರು ಸಿಲ್ವರ್ ತಲಾ 5,000. ಒಟ್ಟು 81,000. ಖರ್ಚು 64,400 ಎಂದು ಅಂದಾಜಿಸಿದ್ದೆವು. ಕಾಗದದ ಮೇಲೆ 16,600 ಉಳಿಯುತ್ತಿತ್ತು. ಆ ಧೈರ್ಯದ ಮೇಲೆ 30,000 ರೂಪಾಯಿ ಬಹುಮಾನ ಎಂದು ಪೋಸ್ಟರ್ ಹಾಕಿಸಿದೆವು.

ಫೆಸ್ಟ್ ದಿನದವರೆಗೆ ಕೈಗೆ ಬಂದದ್ದೆಷ್ಟು? ಪ್ಲಾಟಿನಂನವರು "ಮುಂದಿನ ವಾರ" ಎಂದರು. ಗೋಲ್ಡ್‌ನಲ್ಲಿ ಒಬ್ಬರು ನಗದು ಕೊಟ್ಟರು, ಇನ್ನೊಬ್ಬರು ತಮ್ಮ ಹೆಸರು ಹಾಕಿದ ಟೀ-ಶರ್ಟ್ ಕಳಿಸಿದರು. ಸಿಲ್ವರ್‌ನಲ್ಲಿ ಇಬ್ಬರು ಕೊಟ್ಟರು. ಅಂದರೆ 60,000ದ ಜಾಗದಲ್ಲಿ 20,000. ಕಾಲೇಜಿನದ್ದು, ಶುಲ್ಕದ್ದು ಸೇರಿ ಒಟ್ಟು 41,000. ಊಟ, ಕರೆಂಟು, ಬ್ಯಾನರಿಗೆ 38,800 ಖರ್ಚಾಗಿ ಸಂಜೆ ಉಳಿದದ್ದು 2,200. ಕೊಡಬೇಕಾದ ಬಹುಮಾನ 30,000. ಅದಕ್ಕೇ ಥರ್ಮಾಕೋಲ್. ಎರಡು ತಿಂಗಳ ಮೇಲೆ ಪ್ಲಾಟಿನಂನವರು 15,000 ಕೊಟ್ಟರು, ಉಳಿದ 12,800 ಕಾಲೇಜೇ ತುಂಬಿತು.

ಯಾರೂ ಮೋಸ ಮಾಡಲಿಲ್ಲ. ನಾವು ಮಾತನ್ನು ದುಡ್ಡು ಎಂದು ಬರೆದುಕೊಂಡೆವು, ಅಷ್ಟೇ. ಅಬ್ಬಾಗೆ ಒಂದು ಚಿಕ್ಕ ಬಟ್ಟೆ ಅಂಗಡಿ ಇದೆ. ಉಧಾರ್ ಬರೆಯುವ ಪುಸ್ತಕ ಬೇರೆ, ಗಲ್ಲಾ ಬೇರೆ. ಉಧಾರ್ ಪುಸ್ತಕ ನೋಡಿಕೊಂಡು ಅವರು ಯಾವತ್ತೂ ಹೊಸ ಮಾಲು ತರುವುದಿಲ್ಲ. ನಮ್ಮ ಅಕೌಂಟೆನ್ಸಿ ಪಾಠದಲ್ಲೂ ಇದೇ ಇದೆ. ರಿಸೀಟ್ಸ್ ಅಂಡ್ ಪೇಮೆಂಟ್ಸ್ ಅಕೌಂಟ್‌ನಲ್ಲಿ ನಗದಾಗಿ ಬಂದದ್ದು, ಹೋದದ್ದು ಮಾತ್ರ ಬರೆಯುತ್ತೇವೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಪಡೆದವರೇ ಫೆಸ್ಟ್‌ನಲ್ಲಿ ಅದನ್ನು ಮರೆತೆವು.

ಊರಿನ ದುಡ್ಡಿಗೂ ಒಂದು ಕಾಲ ಇದೆ. ಹಂಪಿಯ ಹೋಟೆಲಿನವರಿಗೆ ವ್ಯಾಪಾರ ಏಳುವುದು ಚಳಿಗಾಲದಲ್ಲಿ. ಕಂಪ್ಲಿಯ ಅಂಗಡಿಗಳಲ್ಲಿ ಕೈ ಸಡಿಲವಾಗುವುದು ಭತ್ತ ಮಾರಿದ ಮೇಲೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಭಾಗ ಬೆಳೆಯ ಚಿಂತೆಗೆ ಬಿತ್ತು. ಜುಲೈನಲ್ಲಿ ಕೊಟ್ಟ ಮಾತು ಡಿಸೆಂಬರ್‌ನಲ್ಲಿ ಉಳಿಯದಿದ್ದರೆ ಅದು ಕೊಟ್ಟವರ ಕೆಟ್ಟತನವೇ ಆಗಬೇಕಾಗಿಲ್ಲ.

"ಸಂಡೂರಿನ ಗಣಿ ಕಂಪನಿಗಳ ಸಿಎಸ್‌ಆರ್ ದುಡ್ಡು ಕೇಳಿದರಾಯಿತು" ಎಂದು ಪ್ರತಿ ಸಭೆಯಲ್ಲೂ ಯಾರಾದರೂ ಹೇಳುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ನಿಜ. ಆದರೆ 2021ರಲ್ಲಿ ತಿದ್ದಿದ ನಿಯಮಗಳು ಒಂದು ಮಾತು ಸ್ಪಷ್ಟ ಮಾಡಿವೆ: ತನ್ನ ಸರಕು, ಸೇವೆಗಳ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ. ನಮ್ಮ ಪತ್ರದಲ್ಲಿ ಒಂದು ಕಡೆ ಸಿಎಸ್‌ಆರ್ ಎಂದು ಬರೆದು, ಇನ್ನೊಂದು ಕಡೆ "ನಿಮ್ಮ ಲೋಗೊ ದೊಡ್ಡದಾಗಿ ಹಾಕುತ್ತೇವೆ" ಎಂದರೆ ಎರಡೂ ಹೊಂದುವುದಿಲ್ಲ. ಲೋಗೊ ಹಾಕುವುದಾದರೆ ಜಾಹೀರಾತು ವಿಭಾಗವನ್ನು ಕೇಳಬೇಕು. ಸಿಎಸ್‌ಆರ್ ಕೇಳುವುದಾದರೆ ಲ್ಯಾಬಿಗೆ ಕಂಪ್ಯೂಟರ್‌ನಂಥ ಶಿಕ್ಷಣದ ಕೆಲಸಕ್ಕೆ, ಬಹಳ ಮೊದಲೇ, ಕಾಲೇಜಿನ ಮೂಲಕ ಕೇಳಬೇಕು.

ಈಗ ಊಟಕ್ಕೆ ಬರೋಣ. ಮೂವತ್ತು ತಂಡ, ತಂಡಕ್ಕೆ ನಾಲ್ವರು, 120 ಜನ. ನಾವು 120 ತಟ್ಟೆಗೆ ಹೇಳಿದೆವು. ಬೆಳಿಗ್ಗೆ ಒಗ್ಗರಣೆ-ಮಿರ್ಚಿಗೆ 30, ಮಧ್ಯಾಹ್ನದ ಊಟಕ್ಕೆ 70, ಎರಡು ಸಲ ಚಹಾಕ್ಕೆ 20, ತಲೆಗೆ 120 ರೂಪಾಯಿ. ಮಧ್ಯಾಹ್ನ ಒಂದೂವರೆಗೆ ಪಲಾವ್ ಖಾಲಿಯಾಯಿತು. 25 ಜನ ಸ್ವಯಂಸೇವಕರು, 15 ಜನ ತೀರ್ಪುಗಾರರು, ಉಪನ್ಯಾಸಕರು ಮತ್ತು ತಂಡಗಳನ್ನು ಕರೆತಂದವರು ಲೆಕ್ಕದಲ್ಲೇ ಇರಲಿಲ್ಲ. ಓಡಿಹೋಗಿ ಹೋಟೆಲಿನಿಂದ ನಲವತ್ತು ಪ್ಲೇಟ್ ತಂದೆವು, ಒಂದಕ್ಕೆ 110 ರೂಪಾಯಿ. ಮನೆಗೆ ಬಂದು ಹೇಳಿದಾಗ ಅಮ್ಮಿ ನಕ್ಕರು. ದಾವತ್‌ಗೆ ಅಕ್ಕಿ ಅಳೆಯುವಾಗ ಅವರು ಮೊದಲು ಎಣಿಸುವುದು ಬಡಿಸುವವರನ್ನು, ಆಮೇಲೆ ನೆಂಟರನ್ನು. ಹಾಗಾಗಿ ಈ ಸಲದ ಅಂಕಿ 160. ಎಲ್ಲರಿಗೂ ಸಸ್ಯಾಹಾರದ ಒಂದೇ ಅಡುಗೆ ಇದ್ದರೆ ಯಾರೂ ತಟ್ಟೆ ನೋಡಿ ಹಿಂಜರಿಯುವುದಿಲ್ಲ, ಎರಡು ಒಲೆಯ ಖರ್ಚೂ ಇಲ್ಲ.

ವಸ್ತುವಿನ ರೂಪದಲ್ಲಿ ಬರುವ ಸಹಾಯವನ್ನೂ ಹೀಗೇ ಅಳೆಯಬೇಕು. ಟೀ-ಶರ್ಟ್‌ಗಳ ಬೆಲೆ 10,000 ಇರಬಹುದು, ಆದರೆ ನಮ್ಮ ಖರ್ಚಿನ ಯಾವ ಸಾಲನ್ನೂ ಅದು ಒಂದು ರೂಪಾಯಿ ಇಳಿಸಲಿಲ್ಲ. ನಮ್ಮ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಕಂಪ್ಲಿಯ ರೈಸ್‌ಮಿಲ್‌ನವರು ಒಂದು ಮೂಟೆ ಅಕ್ಕಿ ಕೊಟ್ಟರೆ? ತಟ್ಟೆಗೆ 125 ಗ್ರಾಂ ಹಿಡಿದರೆ 160 ಜನಕ್ಕೆ 20 ಕಿಲೊ, ಆದ್ದರಿಂದ 25 ಕಿಲೊ ಮೂಟೆ ಸಾಕು. ಆದರೆ ಕಿಲೊಗೆ 55 ರೂಪಾಯಿ ಅಂದರೂ ಉಳಿಯುವುದು ಹದಿನಾಲ್ಕು ನೂರರ ಒಳಗೇ, ಅದೂ ಅಡುಗೆಯವರು ಬಿಲ್ಲಿನಲ್ಲಿ ಕಳೆದರೆ. ಖುಷಿಯಿಂದ ತೆಗೆದುಕೊಳ್ಳೋಣ, ಆದರೆ "ಊಟ ಪ್ರಾಯೋಜಿತ" ಎಂದು ಬರೆಯಬಾರದು.

ಕರೆಂಟಿನ ವಿಷಯದಲ್ಲಿ ಕಂಪ್ಯೂಟರ್ ಸೈನ್ಸ್‌ನ ಗೆಳತಿಯೊಬ್ಬಳು ನನಗೆ ಕಣ್ಣು ತೆರೆಸಿದಳು. ತಂಡಕ್ಕೆ ಎರಡು ಲ್ಯಾಪ್‌ಟಾಪ್ ಅಂದರೆ 60 ಚಾರ್ಜರ್. ಒಂದಕ್ಕೆ 65 ವ್ಯಾಟ್ ಹಿಡಿದರೆ 3,900 ವ್ಯಾಟ್. ಅದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 17 ಆಂಪಿಯರ್. ಕಳೆದ ವರ್ಷ ಇಡೀ ಸಭಾಂಗಣದ ಎಕ್ಸ್‌ಟೆನ್ಶನ್ ಬೋರ್ಡುಗಳೆಲ್ಲ 16 ಆಂಪಿಯರ್‌ನ ಒಂದೇ ಲೈನಿನಲ್ಲಿದ್ದವು. ಜೊತೆಗೆ ಪ್ರೊಜೆಕ್ಟರ್. ಹನ್ನೊಂದು ಗಂಟೆಗೆ ಟ್ರಿಪ್ ಆಗಿ ಇಂಟರ್ನೆಟ್ ಕೂಡ ಹೋಯಿತು. ಆಗ ಬಾಡಿಗೆ ಜನರೇಟರ್ ಏನೂ ಮಾಡಲಿಲ್ಲ, ಯಾಕೆಂದರೆ ಅದೂ ಅದೇ ಲೈನಿಗೇ ಕೊಡುತ್ತಿತ್ತು. ಅದಕ್ಕೆ 6,000 ರೂಪಾಯಿ ಕೊಟ್ಟಿದ್ದೆವು. ತಂಡಗಳನ್ನು ಬೇರೆ ಬೇರೆ ಲೈನಿನ ಮೂರು ಕೋಣೆಗಳಲ್ಲಿ ಕೂರಿಸಿದರೆ ಒಂದೊಂದಕ್ಕೆ ಆರು ಆಂಪಿಯರ್ ಕೂಡ ಬರುವುದಿಲ್ಲ. ಕರೆಂಟು ಹೋದರೂ ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ, ನಿಲ್ಲಬಾರದ್ದು ವೈಫೈ ರೂಟರ್ ಮಾತ್ರ. ಅದನ್ನು ಆಫೀಸಿನ ಇನ್ವರ್ಟರ್‌ಗೆ ಹಾಕಿದರೆ ಸಾಕು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ತರುವವರಿಗೆ ಮಾತ್ರ ಯುಪಿಎಸ್ ಇರುವ ನಮ್ಮ ಲ್ಯಾಬಿನಲ್ಲಿ ಜಾಗ ಕೊಡಬೇಕು, ಅದನ್ನು ನೋಂದಣಿಯಲ್ಲೇ ಕೇಳಬೇಕು.

ಹಾಗಾದರೆ ಈ ಸಲದ ಲೆಕ್ಕ. ಊಟ 160 ಜನಕ್ಕೆ 19,200. ಇಂಟರ್ನೆಟ್ ಮತ್ತು ಕೇಬಲ್ 6,000. ಬ್ಯಾನರ್, ಪ್ರಮಾಣಪತ್ರಕ್ಕೆ 8,000ದ ಬದಲು 4,000, ಅತಿಥಿಗಳ ಶಾಲು-ಸ್ಮರಣಿಕೆ ಬಿಟ್ಟರೆ ಅಷ್ಟು ಸಾಕು. ಒಟ್ಟು 29,200. ಇಷ್ಟಿಲ್ಲದೆ ಫೆಸ್ಟ್ ನಡೆಯುವುದಿಲ್ಲ. ಖಾತ್ರಿ ಇರುವ ದುಡ್ಡು ಕಾಲೇಜಿನದ್ದು ಮತ್ತು ಶುಲ್ಕ, 21,000. ಪ್ರಾಯೋಜಕರಿಂದ ಬರುವ ಮೊದಲ 8,200 ಈ ಕೊರತೆಗೆ ಹೋಗಬೇಕು. ಅದರ ಮೇಲೆ ಬಂದದ್ದು ಬಹುಮಾನಕ್ಕೆ. ಫೆಸ್ಟ್‌ಗೆ ಹದಿನೈದು ದಿನ ಮೊದಲು ಖಾತೆ ನೋಡಿ, ಅಲ್ಲಿರುವ ಮೊತ್ತದಿಂದ ಬಹುಮಾನ ಘೋಷಿಸಬೇಕು. ಕಳೆದ ವರ್ಷದಷ್ಟೇ, ಅಂದರೆ 20,000 ಬಂದರೂ ಬಹುಮಾನಕ್ಕೆ 11,800 ಸಿಗುತ್ತದೆ. 5,000, 3,000, 2,000 ಕೊಟ್ಟು 1,800 ಅನಿರೀಕ್ಷಿತ ಖರ್ಚಿಗೆ ಇಡಬಹುದು.

ಪ್ಲಾಟಿನಂ, ಗೋಲ್ಡ್ ಎಂಬ ಹೆಸರುಗಳನ್ನೂ ಬಿಡೋಣ. ಅವು ಎಷ್ಟು ಕೇಳಬೇಕು ಎಂದು ಹೇಳುತ್ತವೆ, ಯಾಕೆ ಎಂದು ಹೇಳುವುದಿಲ್ಲ. "ಮಧ್ಯಾಹ್ನದ ಊಟ, 11,200", "ತಿಂಡಿ ಮತ್ತು ಚಹಾ, 8,000", "ಇಂಟರ್ನೆಟ್ ಮತ್ತು ಕೇಬಲ್, 6,000" ಎಂದು ಬರೆದರೆ ಹಂಪಿಯ ಹೋಟೆಲಿನವರಿಗೆ ತಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕಾಣುತ್ತದೆ. ಬದಲಿಗೆ ನಾವು ಕೊಡುವುದು ಬ್ಯಾನರ್ ಮತ್ತು ವೇದಿಕೆಯ ಮೇಲೆ ಹೆಸರು, ಅಷ್ಟೇ. ಕಳೆದ ವರ್ಷ ಒಬ್ಬರು ಭಾಗವಹಿಸಿದವರ ಫೋನ್ ನಂಬರ್ ಪಟ್ಟಿ ಕೇಳಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು, ಅವರ ವಿವರ ಬಳಸಲು ಪೋಷಕರ ಒಪ್ಪಿಗೆ ಬೇಕು. ನಮ್ಮಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಆ ಪಟ್ಟಿ ಯಾವ ಬೆಲೆಗೂ ಮಾರಾಟಕ್ಕಿಲ್ಲ ಎಂದು ಪತ್ರದಲ್ಲೇ ಬರೆಯಬೇಕು.

"5,000ಕ್ಕೆ ಯಾರು ಬರುತ್ತಾರೆ?" ಎಂದು ಸಭೆಯಲ್ಲಿ ನನ್ನನ್ನು ಕೇಳಿದರು. ಪ್ರಶ್ನೆ ಸರಿಯೇ. 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ದೊಡ್ಡ ಬಹುಮಾನ ಇರುತ್ತದೆ, ಅದರ ಹಿಂದೆ ಕೇಂದ್ರ ಸರ್ಕಾರ ಇದೆ. ನಮ್ಮ ಹಿಂದೆ ಇರುವುದು 21,000. ಕೆಲವು ತಂಡಗಳು ಕಡಿಮೆಯಾಗಬಹುದು, ಒಪ್ಪುತ್ತೇನೆ. ತಂಡ ಕಡಿಮೆಯಾದರೆ ತಟ್ಟೆಯೂ ಕಡಿಮೆಯಾಗುತ್ತದೆ. ಆದರೆ ಕೊಡದ 15,000ಕ್ಕಿಂತ ಅದೇ ಸಂಜೆ ಕೈಗೆ ಬರುವ 5,000 ದೊಡ್ಡದು. ಇದನ್ನು ಫೋನಿನ ಆ ಕಡೆ ಇದ್ದವಳು ನನಗೆ ಕಲಿಸಿದಳು.

ಸಮಿತಿಯಲ್ಲಿ ನನ್ನ ಕೋರಿಕೆ ಎರಡು. ಪೋಸ್ಟರ್ ಪ್ರಿಂಟಿಗೆ ಹೋಗುವ ಮೊದಲು ಬಹುಮಾನದ ದುಡ್ಡು ಖಾತೆಯಲ್ಲಿರಲಿ. ಫೆಸ್ಟ್ ಮುಗಿದ ವಾರದಲ್ಲಿ ಬಂದದ್ದು, ಹೋದದ್ದು ಎರಡೂ ನೋಟಿಸ್ ಬೋರ್ಡಿಗೆ ಬರಲಿ. ಕಂಪ್ಲಿಯ ಆ ತಂಡಕ್ಕೆ ಈ ವರ್ಷದ ಆಹ್ವಾನ ನಾನೇ ಬರೆಯುತ್ತೇನೆ ಎಂದು ಹೇಳಿದ್ದೇನೆ. ಅದರಲ್ಲಿ ಬಹುಮಾನದ ಮೊತ್ತ ಬರೆಯುವ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.