ಬಾಕಿ ಲೆಕ್ಕವನ್ನು ಒಂದೇ ಗುಣಾಕಾರದಲ್ಲಿ ಕಲಿಸಬೇಡಿ

ವೇತನ ಬಾಕಿ ಕುರಿತ ಅಭ್ಯಾಸ ಪಾಠಗಳಲ್ಲಿ ಪ್ರಶಿಕ್ಷಣಾರ್ಥಿಗಳು ವ್ಯತ್ಯಾಸವನ್ನು ತಿಂಗಳ ಸಂಖ್ಯೆಯಿಂದ ಗುಣಿಸಿ ಮುಗಿಸುತ್ತಾರೆ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ಏಳನೇ ವೇತನ ಆಯೋಗದ ಉದಾಹರಣೆಯೂ ಬೇಡ. ಆ ವೇತನ 1-7-2022ರಿಂದ ಕಾಗದದ ಮೇಲೆ ನಿಗದಿಯಾದರೂ ಹಣ ಸಿಕ್ಕಿದ್ದು 1-8-2024ರಿಂದ. ನಡುವಿನ ಬಾಕಿ ಇಲ್ಲ. ತುಟ್ಟಿಭತ್ಯೆ ತೆಗೆದುಕೊಳ್ಳಿ. 2025ರ ಮೇ ತಿಂಗಳ ಆದೇಶದಿಂದ ಅದು ಜನವರಿ 1ರಿಂದಲೇ ಶೇ. 10.75ರಿಂದ 12.25ಕ್ಕೆ ಏರಿತು.

ಹಿಪ್ಪರಗಿಯ ಒಬ್ಬ ಶಿಕ್ಷಕಿಯ ಮೂಲವೇತನ 50,000 ಎಂದುಕೊಳ್ಳೋಣ. ತಿಂಗಳ ವ್ಯತ್ಯಾಸ 750. ಏಪ್ರಿಲ್‌ವರೆಗೆ ನಾಲ್ಕು ತಿಂಗಳಿಗೆ 3,000 ಎಂದು ಮಕ್ಕಳು ಕೂಗುತ್ತಾರೆ. ಆದರೆ ಫೆಬ್ರವರಿಯಲ್ಲಿ ಅವರು 14 ದಿನ ವೇತನರಹಿತ ರಜೆಯಲ್ಲಿದ್ದರು. 28 ದಿನಗಳ ತಿಂಗಳಲ್ಲಿ ಅರ್ಧ, ಅಂದರೆ 375 ಮಾತ್ರ. ಒಟ್ಟು 2,625. ಬರಬೇಕಾದದ್ದು, ಪಡೆದದ್ದು, ವ್ಯತ್ಯಾಸ ಎಂಬ ಮೂರು ಕಾಲಂಗಳನ್ನು ತಿಂಗಳವಾರು ಬರೆಸಿದರೆ ತಪ್ಪು ತಾನೇ ಕಾಣುತ್ತದೆ.

ಮೊದಲ ಮೂರು ತಿಂಗಳ 1,875 ಹಿಂದಿನ ಆರ್ಥಿಕ ವರ್ಷದ್ದು, ಆದರೆ ಕೈಗೆ ಬಂದ ವರ್ಷದ ಆದಾಯಕ್ಕೆ ಸೇರುತ್ತದೆ. ಇದರಿಂದ ಹೆಚ್ಚಿದ ತೆರಿಗೆಗೆ ಕಲಂ 89ರ ಪರಿಹಾರವಿದೆ: ಈ ವರ್ಷ ಬಾಕಿಯಿಂದ ಏರುವ ತೆರಿಗೆಯಲ್ಲಿ, ಅದೇ ಹಣ ಹಿಂದಿನ ವರ್ಷ ಬಂದಿದ್ದರೆ ಏರುತ್ತಿದ್ದ ತೆರಿಗೆಯನ್ನು ಕಳೆಯಬೇಕು. ಉಳಿದರೆ ಮಾತ್ರ ಪರಿಹಾರ. ಆಗ ರಿಟರ್ನ್‌ಗೆ ಮೊದಲು 10ಇ ನಮೂನೆ ಸಲ್ಲಿಸಬೇಕು. ನಮ್ಮ ಶಿಕ್ಷಕಿಯ ತೆರಿಗೆಯ ಆದಾಯ 12 ಲಕ್ಷದೊಳಗಿದೆ. ಹೊಸ ಪದ್ಧತಿಯಲ್ಲಿ ಅವರಿಗೆ 2025-26ರ ವೇತನದ ಮೇಲೆ ತೆರಿಗೆಯೇ ಇಲ್ಲ. ಪರಿಹಾರ ಸೊನ್ನೆ. "ಬಾಕಿ ಬಂದರೆ 10ಇ" ಎಂದು ಕಪ್ಪುಹಲಗೆಯ ಮೇಲೆ ಬರೆಯುವ ಮುನ್ನ ಈ ಕಳೆಯುವ ಲೆಕ್ಕವನ್ನು ಮಾಡಿಸಿ.