ಮೂರು ಪೈಸೆಯ ವ್ಯತ್ಯಾಸ

ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಿಂದ ನಮ್ಮ ವಾಚಕರೊಬ್ಬರು ಎರಡು ಪಟ್ಟಿಗಳನ್ನು ಕಳುಹಿಸಿ, ಇವುಗಳಲ್ಲಿ ಯಾವುದು ಸರಿಯೆಂದು ಕೇಳಿರುವರು. ಅವರ ಮಗಳು ಬಂಗಾರಪೇಟೆಯಲ್ಲಿ ಹೊಲಿಗೆಯಂಗಡಿ ತೆರೆಯುವುದಕ್ಕಾಗಿ 1,00,000 ರೂಪಾಯಿ ಸಾಲ ಪಡೆದಿರುವಳು. ಬಡ್ಡಿಯು ವರ್ಷಕ್ಕೆ ನೂರಕ್ಕೆ 12; ತೀರಿಸತಕ್ಕದ್ದು ಹನ್ನೆರಡು ಸಮಾನ ಮಾಸಿಕ ಕಂತುಗಳಲ್ಲಿ. ಜಾಮೀನು ನಿಂತವರು ಈ ತಂದೆಯೇ. ಹನ್ನೊಂದು ಕಂತುಗಳು ಸಂದಿವೆ, ಕೊನೆಯದೊಂದು ಉಳಿದಿದೆ.

ಸಾಲ ಕೊಟ್ಟವರ ಪಟ್ಟಿಯಲ್ಲಿ ಹನ್ನೊಂದು ಕಂತುಗಳು 8,884.88 ರೂಪಾಯಿಯವು, ಕೊನೆಯದು ಮಾತ್ರ 8,884.85. ಒಟ್ಟು ಬಡ್ಡಿ 6,618.53. ಮಗಳು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಮಾಡಿದ ಲೆಕ್ಕದಲ್ಲಿ ಹನ್ನೆರಡು ಕಂತುಗಳೂ 8,884.88, ಒಟ್ಟು ಬಡ್ಡಿ 6,618.55. ತಂದೆಯವರು ಕಾಗದದ ಮೇಲೆ ಕಂತನ್ನು ಹನ್ನೆರಡರಿಂದ ಗುಣಿಸಿ ಅಸಲನ್ನು ಕಳೆದುದಕ್ಕೆ ಬಂದ ಬಡ್ಡಿ 6,618.56. ಒಂದೇ ಸಾಲಕ್ಕೆ ಮೂರು ಉತ್ತರ! “ಪೈಸೆಯಲ್ಲಿ ತಪ್ಪುವವರು ರೂಪಾಯಿಯಲ್ಲಿ ತಪ್ಪದಿರುವರೇ? ಕೊನೆಯ ಕಂತನ್ನು ತಡೆದು ದೂರು ಕೊಡಲೇ?” ಎಂಬುದು ಅವರ ಪ್ರಶ್ನೆ. ಕೈಬರಹ ಹಾಕಿ ಹೊಣೆ ಹೊತ್ತವರಿಗೆ ಇಂತಹ ಸಂಶಯ ಬರುವುದು ಸಹಜ. ನಾವು ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದೆವು. ಯಾರೂ ಮೋಸ ಮಾಡಿಲ್ಲ. ಮೂವರ ಲೆಕ್ಕವೂ ಅವರವರ ಕ್ರಮಕ್ಕೆ ಸರಿಯಾಗಿಯೇ ಇದೆ.

ಈ ಸಾಲಕ್ಕೆ ಸೂತ್ರದಂತೆ ಬರುವ ಕಂತು 8,884.88 ಅಲ್ಲ, 8,884.878867… ಎಂದು ದಶಾಂಶಗಳು ಮುಂದುವರಿಯುವ ಸಂಖ್ಯೆ. ಪೈಸೆಯ ನೂರನೆಯ ಭಾಗವನ್ನು ಯಾರೂ ಕೊಡಲಾರರು. ಆದುದರಿಂದ ಸಾಲ ಕೊಟ್ಟವರು ಅರೆಪೈಸೆಗೆ ಕಡಿಮೆಯಾದುದನ್ನು ಬಿಟ್ಟು, ಅರೆಪೈಸೆ ಮತ್ತು ಅದಕ್ಕೆ ಮೇಲ್ಪಟ್ಟುದನ್ನು ಒಂದು ಪೈಸೆಯೆಂದೆಣಿಸಿ, ಕಂತನ್ನು 8,884.88 ಎಂದು ಗೊತ್ತುಮಾಡಿದರು. ಪ್ರತಿ ತಿಂಗಳ ಬಡ್ಡಿಯನ್ನೂ ಹೀಗೆಯೇ ಪೂರ್ಣ ಪೈಸೆಗೆ ತಂದು ಬರೆದರು. ಎಕ್ಸೆಲ್ ಹಾಳೆಯಾದರೋ ಎರಡು ದಶಾಂಶ ಸ್ಥಾನಗಳನ್ನು ಮಾತ್ರ ತೋರಿಸಿದರೂ, ಒಳಗೆ ಆ ಉದ್ದನೆಯ ಬಾಲವನ್ನು ಇಟ್ಟುಕೊಂಡೇ ಮುಂದಿನ ಲೆಕ್ಕ ಮಾಡುವುದು. ಕಾಣುವುದು ಒಂದು, ಎಣಿಸುವುದು ಇನ್ನೊಂದು.

ಮೂರನೆಯ ತಿಂಗಳ ಸಾಲಿನಲ್ಲಿ ಇದು ಕಣ್ಣಿಗೆ ಬೀಳುವುದು. ಮಗಳ ಹಾಳೆಯಲ್ಲಿ ಬಡ್ಡಿ 841.51, ಅಸಲು 8,043.36, ಕಂತು 8,884.88 ಎಂದಿದೆ. ಮೊದಲೆರಡನ್ನು ಕೂಡಿಸಿ ನೋಡಿರಿ: 8,884.87 ಮಾತ್ರ ಬರುವುದು! ಒಳಗಿರುವ ಸಂಖ್ಯೆಗಳು 841.5139 ಮತ್ತು 8,043.3649, ಇವುಗಳ ಮೊತ್ತ 8,884.8788. ಎರಡರ ಬಾಲಗಳೂ ಬೇರೆಬೇರೆಯಾಗಿ ಕತ್ತರಿಸಲ್ಪಟ್ಟವು. ಕೂಡಿದ ಮೇಲೆ ಅವೇ ಸೇರಿ ಒಂದು ಪೈಸೆಯಾದವು. ಸಾಲದವರ ಪಟ್ಟಿಯಲ್ಲಿ ಅದೇ ತಿಂಗಳು ಬಡ್ಡಿ 841.51, ಅಸಲು 8,043.37. ಅಸಲಿಗೆ ಒಂದು ಪೈಸೆ ಹೆಚ್ಚು ಸಂದುದರಿಂದ ಉಳಿದ ಬಾಕಿಯು ಅವರಲ್ಲಿ 76,108.02, ಹಾಳೆಯಲ್ಲಿ 76,108.03. ಇಂತಹ ಕೂದಲೆಳೆಗಳು ತಿಂಗಳು ತಿಂಗಳೂ ಸೇರುತ್ತ, ಹನ್ನೊಂದನೆಯ ಕಂತಿನ ಕೊನೆಗೆ ಸಾಲದವರ ಪಟ್ಟಿಯಲ್ಲಿ ಬಾಕಿ 8,796.88 ಉಳಿಯುವುದು. ಅದಕ್ಕೆ ಕೊನೆಯ ತಿಂಗಳ ಬಡ್ಡಿ 87.97 ಸೇರಿದರೆ 8,884.85. ಕೊನೆಯ ಕಂತು ಮೂರು ಪೈಸೆ ಕಡಿಮೆಯಾದುದು ಹೀಗೆ. ಹೆಚ್ಚಾಗಿ ಸಂದುದನ್ನು ಅವರು ಅಲ್ಲಿಯೇ ಹಿಂದಿರುಗಿಸಿರುವರು. ತಂದೆಯವರು ಕೊನೆಯ ಕಂತಿನ ಈ ಇಳಿತವನ್ನು ಗಣಿಸದೆ ಗುಣಿಸಿದುದರಿಂದ ಮೂರನೆಯ ಉತ್ತರ ಬಂದಿತು.

ಹಳಬರಿಗೆ ಇದು ಹೊಸ ಸಂಗತಿಯಲ್ಲ. 1957ನೆಯ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂದಾಗ, ಒಂದಾಣೆಗೆ ಸಲ್ಲಬೇಕಾದುದು ಆರೂಕಾಲು ನಯಾಪೈಸೆ. ಕಾಲುಪೈಸೆಯ ನಾಣ್ಯವಿಲ್ಲದ್ದರಿಂದ ಒಂದಾಣೆಗೆ 6, ಮೂರಾಣೆಗೆ 19 ಎಂದು ಗೊತ್ತಾಯಿತು. ಒಂದೊಂದಾಣೆಯ ಸಾಮಾನನ್ನು ಮೂರು ಸಲ ಕೊಂಡವನು 18 ಕೊಟ್ಟನು. ಮೂರಾಣೆಯದನ್ನು ಒಂದೇ ಸಲ ಕೊಂಡವನು 19 ಕೊಟ್ಟನು. ಪ್ರತಿ ಸಲವೂ ಚೂರನ್ನು ಕಳೆಯುವುದು ಬೇರೆ; ಎಲ್ಲವನ್ನೂ ಕೂಡಿಸಿ ಕೊನೆಗೊಮ್ಮೆ ಕಳೆಯುವುದು ಬೇರೆ. ನಮ್ಮ ವಾಚಕರ ಎರಡು ಪಟ್ಟಿಗಳ ಜಗಳವೂ ಇಷ್ಟೇ.

ಹಾಳೆಯನ್ನು ಸಾಲದವರ ಪಟ್ಟಿಗೆ ಹೊಂದಿಸಬೇಕಾದರೆ, ಸ್ಥಾನಗಳನ್ನು ಕಡಿಮೆ ತೋರಿಸಿದರೆ ಸಾಲದು. ಸಂಖ್ಯೆಯನ್ನೇ ಪೂರ್ಣ ಪೈಸೆಗೆ ತರಬೇಕು. A ಅಂಕಣದಲ್ಲಿ ತಿಂಗಳ ಆರಂಭದ ಬಾಕಿ, Bಯಲ್ಲಿ ಬಡ್ಡಿ, Cಯಲ್ಲಿ ಅಸಲು, Dಯಲ್ಲಿ ಉಳಿದ ಬಾಕಿ ಇರಲಿ. A2ರಲ್ಲಿ 100000 ಎಂದು ಬರೆದು, ಉಳಿದುದನ್ನು ಹೀಗೆ ತುಂಬತಕ್ಕದ್ದು:

```
F1: =ROUND(PMT(12%/12,12,-100000),2)
B2: =ROUND(A2*12%/12,2)
C2: =$F$1-B2
D2: =ROUND(A2-C2,2)
A3: =D2
```

B, C, D ಅಂಕಣಗಳ ಸೂತ್ರಗಳನ್ನೂ A3ರ ಸೂತ್ರವನ್ನೂ 13ನೆಯ ಸಾಲಿನವರೆಗೆ ಇಳಿಸಿರಿ. ಕೊನೆಯ ಸಾಲಿನಲ್ಲಿ ಮಾತ್ರ F1ರ ಕಂತನ್ನು ಹಿಡಿಯಕೂಡದು. ಆ ತಿಂಗಳ ಬಾಕಿಗೆ ಬಡ್ಡಿಯನ್ನು ಕೂಡಿಸಿದುದೇ, ಎಂದರೆ `=A13+B13` ಎಂಬುದೇ, ಕೊನೆಯ ಕಂತು. ನಾವು ಹೀಗೆ ಮಾಡಿದಾಗ ಹನ್ನೆರಡು ಸಾಲುಗಳೂ ಪೈಸೆಗೆ ಪೈಸೆ ಸಾಲದವರ ಪಟ್ಟಿಯೊಡನೆ ಕೂಡಿಬಂದವು.

ಇಷ್ಟಕ್ಕೆ ಎಲ್ಲ ವ್ಯತ್ಯಾಸವೂ ನಿರ್ದೋಷವೆಂದು ತಿಳಿಯಬಾರದು. ಒಂದು ಸಲ ಪೂರ್ಣ ಪೈಸೆಗೆ ತರುವಾಗ ಅರೆಪೈಸೆಗಿಂತ ಹೆಚ್ಚು ಏರುಪೇರಾಗದು. ಕಂತಿನಲ್ಲಿಯೂ ಬಡ್ಡಿಯಲ್ಲಿಯೂ ಅದು ಪ್ರತಿ ತಿಂಗಳು ಒಂದೇ ಕಡೆಗೆ ವಾಲಿದರೂ, ಈ ಸಾಲದ ಹನ್ನೆರಡು ತಿಂಗಳಲ್ಲಿ ಒಟ್ಟು ಸುಮಾರು 13 ಪೈಸೆಯನ್ನು ಮೀರಲಾರದು. ಅವಧಿ ದೀರ್ಘವಾದಷ್ಟೂ ಈ ಮಿತಿ ದೊಡ್ಡದಾಗುವುದು. ಕೆಲವರು ಕಂತನ್ನು ಪೂರ್ಣ ರೂಪಾಯಿಗೆ ತಂದು 8,885 ಎನ್ನುವರು. ಆಗ ಕೊನೆಯ ಕಂತು ಸುಮಾರು ಒಂದೂವರೆ ರೂಪಾಯಿ ಇಳಿಯಬೇಕು. ಇಳಿಯದಿದ್ದರೆ ಕೇಳತಕ್ಕದ್ದೇ.

ಮೊದಲನೆಯ ತಿಂಗಳ ಬಡ್ಡಿಯನ್ನು ನೋಡುವುದು ಇನ್ನೂ ಸುಲಭವಾದ ಪರೀಕ್ಷೆ. ಈ ಸಾಲಕ್ಕೆ ಅದು ಸರಿಯಾಗಿ 1,000 ರೂಪಾಯಿ. ಕಳೆಯಬೇಕಾದ ಚೂರೇ ಇಲ್ಲ. ಅಲ್ಲಿ 1,019.18 ಎಂದಿದ್ದರೆ ಅದು ಪೈಸೆಯ ಮಾತಲ್ಲ. ತಿಂಗಳಿಗೆ ನೂರಕ್ಕೆ ಒಂದು ಎನ್ನುವ ಬದಲು, 31 ದಿನಗಳಿಗೆ ವರ್ಷದ 365ರ ಲೆಕ್ಕದಲ್ಲಿ ಬಡ್ಡಿ ಹಾಕಿರುವರು. ಯಾವ ಕ್ರಮವೆಂಬುದನ್ನು ಕರಾರುಪತ್ರದಲ್ಲಿ ನೋಡಿಕೊಳ್ಳಬೇಕು.

ನಮ್ಮ ವಾಚಕರು ದೂರನ್ನು ಬಿಟ್ಟು, ಕೊನೆಯ ಕಂತನ್ನು ಪಟ್ಟಿಯಲ್ಲಿದ್ದಂತೆಯೇ 8,884.85 ಕಟ್ಟಿಸಲಿ. ತಮ್ಮ ಲೆಕ್ಕವನ್ನು ಹಿಡಿದು ಪೈಸೆಗಳನ್ನು ಉಳಿಸಿಕೊಳ್ಳುವುದೂ ಬೇಡ. ಆ ಚೂರಿನಿಂದಲೇ ಖಾತೆ ಮುಚ್ಚದೆ ಉಳಿಯಬಹುದು. ಹಣ ಸಂದ ಮೇಲೆ, ಬಾಕಿಯಿಲ್ಲವೆಂಬ ಪತ್ರವನ್ನು ಬರೆಯಿಸಿಕೊಂಡು ಮಗಳು ಸಾಲದ ಕಾಗದಗಳೊಡನೆ ಇಟ್ಟುಕೊಳ್ಳಲಿ. ಜಾಮೀನುದಾರರ ಹೊಣೆ ತೀರಿತೆಂಬುದಕ್ಕೆ ಅದೇ ಸಾಕ್ಷಿ.